ಸಂದರ್ಶನದ ನಡುವೆ ಅರ್ಜಿ ಹಿಂಪಡೆಯುವ ಪತ್ರ ಬರೆಯುವುದು ಹೇಗೆ?

ಬದಿಯಡ್ಕದ ಹುಡುಗಿಯೊಬ್ಬಳು ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಎರಡು ಸುತ್ತು ಸಂದರ್ಶನ ಮುಗಿಸಿದ್ದಳು. ಅಷ್ಟರಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆ, ಅಡಿಕೆ ತೋಟ ಎರಡೂ ತಾಯಿಯೊಬ್ಬರ ಕೈಯಲ್ಲಿ ಆಗುವಂತಿರಲಿಲ್ಲ. ‘ಮನೆಯಲ್ಲಿ ಸ್ವಲ್ಪ ತೊಂದರೆ, ಸದ್ಯಕ್ಕೆ ಬರುವುದು ಕಷ್ಟ’ ಎಂದು ಬರೆದಳು. ಕಂಪನಿಯವರು ಮೂರನೇ ಸುತ್ತನ್ನು ಮುಂದಿನ ವಾರಕ್ಕೆ ಹಾಕಿದರು, ಆಮೇಲೆ ಅದರ ಮುಂದಿನ ವಾರಕ್ಕೆ. ಕೆಲಸವೇ ಬೇಡವೆಂದು ಅವಳ ಮನಸ್ಸಿನಲ್ಲಿದ್ದರೂ ‘ಸದ್ಯಕ್ಕೆ’ ಎಂಬ ಒಂದು ಪದ ಅವರನ್ನು ಕಾಯಿಸಿತು.

ಆದ್ದರಿಂದ ಬರೆಯುವ ಮೊದಲು ತೀರ್ಮಾನಿಸಿ: ಒಂದು ತಿಂಗಳ ಕಾಲಾವಕಾಶ ಅಥವಾ ಮನೆಯಿಂದಲೇ ಕೆಲಸ ಸಿಕ್ಕರೆ ಸೇರುತ್ತೀರಾ? ಹೌದಾದರೆ ಅದನ್ನೇ ಕೇಳಿ, ಅರ್ಜಿ ಹಿಂಪಡೆಯಬೇಡಿ. ಇಲ್ಲವಾದರೆ ಮುಂದೆ ಓದಿ.

ಸಂದರ್ಶನಕ್ಕೆ ಕರೆದ ಇಮೇಲಿಗೇ ಉತ್ತರವಾಗಿ ಬರೆಯಿರಿ. ಹೊಸ ಇಮೇಲ್ ಕಳಿಸಿದರೆ ನೀವು ಯಾರು, ಯಾವ ಹುದ್ದೆ ಎಂದು ಅವರು ಹುಡುಕಬೇಕಾಗುತ್ತದೆ.

ಎಲ್ಲರೂ ಎಡವುವುದು ಕಾರಣ ಹೇಳುವಲ್ಲಿ. ಕೆಲವರು ಆಸ್ಪತ್ರೆಯ ಚೀಟಿಯನ್ನೇ ಲಗತ್ತಿಸುತ್ತಾರೆ; ತಂದೆಯ ಕಾಯಿಲೆಯ ವಿವರ ಅಪರಿಚಿತರ ಕಡತ ಸೇರುವುದು ಯಾಕೆ? ಇನ್ನು ಕೆಲವರು ಅಂತರ್ಜಾಲದ ಸಿದ್ಧ ಮಾದರಿಯಿಂದ ‘ಅನಿವಾರ್ಯ ಕಾರಣಗಳಿಂದ’ ಎಂದು ಎತ್ತಿಕೊಳ್ಳುತ್ತಾರೆ. ಓದುವವರಿಗೆ ಅದು ‘ಬೇರೆಡೆ ಹೆಚ್ಚು ಸಂಬಳ ಸಿಕ್ಕಿದೆ’ ಎಂದೇ ಕೇಳಿಸುತ್ತದೆ. ಏನು ಬದಲಾಯಿತು, ಅದರಿಂದ ನಿಮಗೆ ಯಾವುದು ಸಾಧ್ಯವಿಲ್ಲ, ಇಷ್ಟೇ ಇರಲಿ. ನಿರ್ಧಾರ ಮೊದಲು, ಕಾರಣ ಆಮೇಲೆ. ಆ ಹುಡುಗಿ ಕೊನೆಗೆ ಕಳಿಸಿದ್ದು ಇದು:

‘ಲೆಕ್ಕಪತ್ರ ಸಹಾಯಕರ ಹುದ್ದೆಗೆ ಸಲ್ಲಿಸಿದ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ತಂದೆಯ ಆರೋಗ್ಯ ಕೆಟ್ಟಿರುವುದರಿಂದ ನಾನು ಊರಿನಲ್ಲೇ ಇರಬೇಕಾಗಿದೆ, ಬೆಂಗಳೂರಿಗೆ ಬರಲಾಗುವುದಿಲ್ಲ. ಶುಕ್ರವಾರದ ಸಂದರ್ಶನವನ್ನು ದಯವಿಟ್ಟು ರದ್ದುಪಡಿಸಿ. ಎರಡು ಸುತ್ತುಗಳಲ್ಲಿ ನನಗಾಗಿ ಸಮಯ ಕೊಟ್ಟದ್ದಕ್ಕೆ ಕೃತಜ್ಞತೆಗಳು.’

ಇಂಗ್ಲಿಷಿನಲ್ಲಿ ಬರೆಯುವುದಾದರೂ ‘ವಿತ್‌ಡ್ರಾ’ ಎಂಬ ಪದ ಮೊದಲ ವಾಕ್ಯದಲ್ಲೇ ಬರಲಿ. ‘ಮುಂದೆ ಅವಕಾಶವಿದ್ದರೆ ತಿಳಿಸಿ’ ಎಂಬ ಸಾಲು ನನಗೆ ಹಿಡಿಸುವುದಿಲ್ಲ. ನಿಜವಾಗಿಯೂ ಆಸೆಯಿದ್ದರೆ ಮಾತ್ರ ಸೇರಿಸಿ. ಕ್ಷಮೆ ಒಮ್ಮೆ ಕೇಳಿದರೆ ಸಾಕು.

ಸಂದರ್ಶನ ಮರುದಿನವೇ ಇದ್ದರೆ ಮೊದಲು ಫೋನ್ ಮಾಡಿ, ಆಮೇಲೆ ಇಮೇಲ್ ಕಳಿಸಿ. ಬರಿಯ ವಾಟ್ಸ್ಆ್ಯಪ್ ಸಂದೇಶ ಸಾಲದು, ಅದು ಒಬ್ಬರ ಮೊಬೈಲಿನಲ್ಲೇ ಉಳಿಯುತ್ತದೆ. ಮಂಗಳೂರಿನ ಏಜೆನ್ಸಿಯೋ ಪರಿಚಯದ ಅಣ್ಣನೋ ನಿಮ್ಮ ಹೆಸರು ಸೂಚಿಸಿದ್ದರೆ ಕಂಪನಿಗೆ ಬರೆದ ದಿನವೇ ಅವರಿಗೂ ಹೇಳಿಬಿಡಿ. ನೇಮಕಾತಿ ಪತ್ರಕ್ಕೆ ಆಗಲೇ ಸಹಿ ಹಾಕಿದ್ದರೆ ಈ ನಾಲ್ಕು ಸಾಲು ಸಾಲದು. ಅದರ ಷರತ್ತುಗಳನ್ನು ಓದಿಕೊಂಡೇ ಬರೆಯಬೇಕು.