ನಂಬಿಕೆಗೊಂದು ಅಂಕ, ಆಚರಣೆಗೊಂದು ಅಂಕ

ವಿದ್ಯಾರ್ಥಿಗಳ ಧಾರ್ಮಿಕತೆ ಬಗ್ಗೆ ಸಮೀಕ್ಷೆ ಮಾಡಿದಾಗ, ಸಂಶೋಧನಾ ವಿಧಾನದ ಭಾಗವನ್ನು ನಾನು ಸ್ಯಾಂಪಲ್‌ನಿಂದ ಶುರು ಮಾಡಲಿಲ್ಲ. ನಂಬಿಕೆಯನ್ನೂ ಆಚರಣೆಯನ್ನೂ ಯಾಕೆ ಬೇರೆಬೇರೆಯಾಗಿ ಅಳೆದೆ ಅನ್ನುವುದನ್ನೇ ಮೊದಲು ಬರೆದೆ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಗ್ಲಾಕ್ 1960ರ ದಶಕದಲ್ಲೇ ಇವೆರಡನ್ನೂ ಬೇರೆ ಆಯಾಮಗಳೆಂದು ಗುರುತಿಸಿದ್ದರು. ವಿದ್ಯಾರ್ಥಿಗಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ. ಮನೆಯವರು ಕರೆದರು ಅಂತ ಪೂಜೆಗೆ ಕೂರುವವರಿದ್ದಾರೆ. ಗಾಢವಾಗಿ ನಂಬಿದರೂ ಎಲ್ಲಿಗೂ ಹೋಗದವರೂ ಇದ್ದಾರೆ.

ನಂಬಿಕೆಗೆ ಐದು ಹೇಳಿಕೆ ಕೊಟ್ಟು, 'ಖಂಡಿತ ಒಪ್ಪುವುದಿಲ್ಲ'ದಿಂದ 'ಪೂರ್ತಿ ಒಪ್ಪುತ್ತೇನೆ'ವರೆಗೆ 1ರಿಂದ 5 ಅಂಕ ಇಟ್ಟೆ. ಆಚರಣೆಯ ಐದು ಪ್ರಶ್ನೆಗಳಲ್ಲಿ ಒಪ್ಪಿಗೆ ಕೇಳಲಿಲ್ಲ, ಕಳೆದ 30 ದಿನಗಳಲ್ಲಿ ಎಷ್ಟು ಸಲ ಮಾಡಿದಿರಿ ಅಂತ ಕೇಳಿದೆ. 'ಒಮ್ಮೆಯೂ ಇಲ್ಲ' ಅಂದರೆ 1, 'ದಿನವೂ' ಅಂದರೆ 5. 'ಸಾಮಾನ್ಯವಾಗಿ ಮಾಡ್ತೀರಾ?' ಅಂತ ಕೇಳಿದರೆ ಜನ ತಾವು ಹೇಗಿರಬೇಕು ಅಂದುಕೊಂಡಿದ್ದಾರೋ ಅದನ್ನೇ ಹೇಳುತ್ತಾರೆ. ಆದರೆ 30 ದಿನಕ್ಕೂ ಒಂದು ತೊಡಕಿದೆ. ಆ ತಿಂಗಳಲ್ಲಿ ಹಬ್ಬವೋ ಪರೀಕ್ಷೆಯೋ ಇದ್ದರೆ ಅಂಕ ಏರುಪೇರಾಗುತ್ತದೆ. ಹಾಗಾಗಿ ಮಾಹಿತಿ ತೆಗೆದುಕೊಂಡ ತಿಂಗಳನ್ನು ಬರೆಯಲೇಬೇಕು.

ಯಾವ ಹೇಳಿಕೆಯನ್ನು ಯಾಕೆ ಬಿಟ್ಟೆ ಅನ್ನುವುದಕ್ಕೂ ಜಾಗ ಕೊಟ್ಟೆ. 'ಪ್ರಾರ್ಥನೆ ನನ್ನ ಬದುಕಿಗೆ ಮುಖ್ಯ' ಅನ್ನುವುದು ನೋಡಲು ಚೆನ್ನಾಗಿದೆ. ಆದರೆ ಇದಕ್ಕೆ 'ಹೌದು' ಅನ್ನುವವರು ತಮ್ಮ ನಂಬಿಕೆಯನ್ನು ಹೇಳ್ತಿದ್ದಾರಾ, ರೂಢಿಯನ್ನಾ? ಗೊತ್ತಾಗುವುದಿಲ್ಲ. ಇಂಥದ್ದು ಎರಡೂ ಕಡೆ ಸೋರಿದರೆ, ಆಮೇಲೆ ಕಾಣುವ ಪರಸ್ಪರ ಸಂಬಂಧ ಅರ್ಧ ನಾವೇ ಹುಟ್ಟಿಸಿದ್ದಾಗಿರುತ್ತದೆ. ಅದರ ಬದಲು 'ಪ್ರಾರ್ಥನೆಗೆ ಫಲ ಸಿಗುತ್ತದೆ' ಅನ್ನುವುದನ್ನು ನಂಬಿಕೆಯ ಕಡೆ ಇಟ್ಟೆ, 'ಒಬ್ಬರೇ ಪ್ರಾರ್ಥಿಸಿದ್ದು ಎಷ್ಟು ಸಲ' ಅನ್ನುವುದನ್ನು ಆಚರಣೆಯ ಕಡೆ.

ಎರಡನ್ನೂ ಸುಮ್ನೆ ಕೂಡಿ ಒಂದೇ ಅಂಕ ಮಾಡಬಾರದಾ ಅಂತ ಗೈಡ್ ಕೇಳಿದರು. ಅದಕ್ಕೆ ಉತ್ತರವನ್ನು ಉದಾಹರಣೆ ಸಮೇತ ಅಲ್ಲೇ ಸೇರಿಸಿದೆ. ಒಬ್ಬರಿಗೆ ನಂಬಿಕೆ 23, ಆಚರಣೆ 7 ಅಂತಿಟ್ಟುಕೊಳ್ಳಿ. ಇನ್ನೊಬ್ಬರಿಗೆ ನಂಬಿಕೆ 7, ಆಚರಣೆ 23. ಕೂಡಿದರೆ ಇಬ್ಬರಿಗೂ 30. ನಾನು ಹುಡುಕುತ್ತಿರುವ ವ್ಯತ್ಯಾಸವೇ ಅಲ್ಲಿ ಅಳಿಸಿಹೋಗುತ್ತದೆ, ಅಲ್ವಾ?

ಒಂದು ಗುಂಪಿನ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಕ್ರಾನ್‌ಬ್ಯಾಕ್ ಆಲ್ಫಾವನ್ನೂ ಎರಡಕ್ಕೂ ಪ್ರತ್ಯೇಕವಾಗಿ ಕೊಟ್ಟೆ. ಆಚರಣೆಯಲ್ಲಿ ಅದು ಕಡಿಮೆ ಬಂದರೆ ತಕ್ಷಣ ಪ್ರಶ್ನೆ ಕಿತ್ತುಹಾಕುವುದು ಸರಿಯಲ್ಲ. ಒಬ್ಬರೇ ದಿನವೂ ಪ್ರಾರ್ಥಿಸುವವರು ಸಾಮೂಹಿಕ ಪ್ರಾರ್ಥನೆಗೆ ಕಾಲಿಡದೇ ಇರಬಹುದು. ಆಗ ಖಾಸಗಿ, ಸಾಮೂಹಿಕ ಅಂತ ಬಿಡಿಸಿ ನೋಡಬೇಕು.

ಪೂಜೆ, ಪ್ರಾರ್ಥನೆಗೆ ಸ್ವಂತ ಇಷ್ಟದಿಂದ ಹೋದಿರಾ, ಬೇರೆಯವರ ಒತ್ತಾಯಕ್ಕಾ ಅಂತ ಒಂದು ಪ್ರಶ್ನೆ ಇಟ್ಟಿದ್ದೆ. ಅದನ್ನು ಯಾವ ಅಂಕಕ್ಕೂ ಸೇರಿಸದೆ, ಹೆಚ್ಚು ಆಚರಣೆ, ಕಡಿಮೆ ನಂಬಿಕೆ ಇರುವ ಗುಂಪನ್ನು ಅರ್ಥಮಾಡಿಕೊಳ್ಳಲು ಮಾತ್ರ ಬಳಸುತ್ತೇನೆ ಅಂತ ಸ್ಪಷ್ಟವಾಗಿ ಬರೆದೆ. ಪ್ರಶ್ನಾವಳಿ ತುಂಬಿಸುವಾಗ ಪಾಠ ಮಾಡುವವರು ಯಾರೂ ಕೋಣೆಯಲ್ಲಿ ಇರಲಿಲ್ಲ, ಹೆಸರು ಕೇಳಿರಲಿಲ್ಲ ಅನ್ನುವುದನ್ನೂ ಅದರ ಕೆಳಗೇ ಸೇರಿಸಿದೆ.