ಡಿಶ್‌ವಾಷರ್‌ನಲ್ಲಿ ತೊಳೆದ ಲೋಟಕ್ಕೆ ಸುಣ್ಣ ಬಳಿದಂತಾಗಿದೆಯೇ?

ಬೇಸಿಗೆ ಶುರುವಾದ ಹೊಸತರಲ್ಲಿ ಅತ್ತಿಗೆ ಫೋನ್ ಮಾಡಿದರು. "ನೋಡು, ಅಷ್ಟು ದುಡ್ಡು ಕೊಟ್ಟು ತಗೊಂಡ ಮಷಿನ್ನು, ಲೋಟಕ್ಕೆಲ್ಲ ಸುಣ್ಣ ಬಳಿದ ಹಾಗೆ ಮಾಡ್ತಿದೆ. ಇದಕ್ಕಿಂತ ನಾನೇ ತೊಳೆದಿದ್ರೆ ಆಗ್ತಿತ್ತು!"

ಅವರ ಮನೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿದೆ. ಹೋಗಿ ನೋಡಿದೆ. ಗಾಜಿನ ಲೋಟ ಮಂಜು ಕವಿದ ಹಾಗಿತ್ತು. ಸ್ಟೀಲ್ ತಟ್ಟೆಯ ಮೇಲೆ ಬೆರಳಾಡಿಸಿದರೆ ಸಣ್ಣಗೆ ತರಿತರಿ. ಕಾಫಿ ಲೋಟದ ಅಂಚಿನಲ್ಲಿ ನೀರಿನ ಹನಿ ಒಣಗಿದ ಬಿಳಿ ಉಂಗುರಗಳು. ಅತ್ತಿಗೆ ಬಾಯಿಮಾತಿಗೆ ಅಂದ 'ಸುಣ್ಣ' ನಿಜಕ್ಕೂ ಸರಿಯಾದ ಪದವೇ ಆಗಿತ್ತು. ಗೀಸರ್ ಕಾಯಿಲ್ ಮೇಲೆ ಕಟ್ಟಿಕೊಳ್ಳುವುದೂ ಇದೇ ಪೊರೆ.

ಆದರೆ ಎಲ್ಲ ಬಿಳಿಯೂ ಸುಣ್ಣವಲ್ಲ. ಹಾಗಾಗಿ ಮಷಿನ್‌ನ ಯಾವ ಬಟನ್ನನ್ನೂ ಮುಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ.

ಮೊದಲು: ಅದು ಯಾವ ಬಿಳಿ?

ಮಬ್ಬಾದ ಲೋಟವನ್ನು ಬರೀ ನೀರಿನಲ್ಲಿ ಒದ್ದೆ ಮಾಡಿ ಬೆರಳಿನಿಂದ ಉಜ್ಜಿ. ಅಷ್ಟಕ್ಕೇ ಬಿಳಿ ಪೂರ್ತಿ ಹೋದರೆ ಅದು ಉಪ್ಪಿರಬಹುದು. ಮಷಿನ್ ತಳದ ಸಾಲ್ಟ್ ಡಬ್ಬಿಯ ಮುಚ್ಚಳ ಸಡಿಲವಾಗಿ, ಉಪ್ಪುನೀರು ಒಳಗೆ ಸೋರುತ್ತಿರುತ್ತದೆ. ಮುಚ್ಚಳ ತೆಗೆದು, ಅಂಚಿನಲ್ಲಿ ಸಿಕ್ಕಿಕೊಂಡ ಉಪ್ಪಿನ ಹರಳು ಒರೆಸಿ, ಮತ್ತೆ ಬಿಗಿಯಾಗಿ ತಿರುಗಿಸಿ.

ಹೋಗಲಿಲ್ಲವೇ? ಅರ್ಧ ಹೋಳು ನಿಂಬೆಹಣ್ಣಿನಿಂದ ಒಂದು ಕಡೆ ಉಜ್ಜಿ, ಐದು ನಿಮಿಷ ಬಿಟ್ಟು ತೊಳೆದು ಒಣಗಿಸಿ. ಉಜ್ಜಿದ ಜಾಗ ಮಾತ್ರ ಪಳಪಳ ಅಂದರೆ ಅದು ಗಡಸು ನೀರಿನ ಸುಣ್ಣ. ಸರಿಮಾಡಬಹುದು.

ನಿಂಬೆಗೂ ಜಗ್ಗದಿದ್ದರೆ, ಬೆಳಕಿಗೆ ಹಿಡಿದಾಗ ಕಾಮನಬಿಲ್ಲಿನ ಛಾಯೆ ಕಂಡರೆ, ಗಾಜೇ ಸವೆದಿದೆ ಅಂತ ತಿಳಿಯಿರಿ. ಅದಕ್ಕೆ ಔಷಧ ಇಲ್ಲ. ತಮಾಷೆ ಅಂದರೆ ಇದು ಬರುವುದು ತೀರಾ ಮೆದು ನೀರು, ಜಾಸ್ತಿ ಡಿಟರ್ಜೆಂಟ್ ಮತ್ತು ಜಾಸ್ತಿ ಬಿಸಿ ಸೇರಿದಾಗ. ಅಂದರೆ ಸುಣ್ಣಕ್ಕೆ ಹೆದರಿ ಎಲ್ಲವನ್ನೂ ಹೆಚ್ಚಿಸಿಟ್ಟವರ ಮನೆಯಲ್ಲಿ. ಉಳಿದ ಲೋಟಗಳನ್ನು ಉಳಿಸಿಕೊಳ್ಳಲು ಗಾಜಿಗೆಂದೇ ಇರುವ ಕಡಿಮೆ ಬಿಸಿಯ ಪ್ರೋಗ್ರಾಂ ಹಾಕಿ.

ಅತ್ತಿಗೆಯ ಲೋಟ ನಿಂಬೆಗೆ ಹೊಳೆಯಿತು. ಸುಣ್ಣವೇ.

ನೀರನ್ನು ಅಳೆಯುವುದು

ಫೆಬ್ರವರಿವರೆಗೆ ಅವರಿಗೆ ಕಾವೇರಿ ನೀರು ಬರುತ್ತಿತ್ತು. ಆಮೇಲೆ ಅದು ಕಡಿಮೆಯಾಗಿ, ಟ್ಯಾಂಕರ್‌ನಲ್ಲಿ ಬೋರ್‌ವೆಲ್ ನೀರು ಬರತೊಡಗಿತು. ನೀರು ಬದಲಾಯಿತು, ಮಷಿನ್ನಿಗೆ ಯಾರೂ ಹೇಳಲಿಲ್ಲ. ಸಾಮಾನ್ಯ ಮಾದರಿಗಳು ನೀರಿನ ಗಡಸನ್ನು ತಾವಾಗಿ ಅಳೆಯುವುದಿಲ್ಲ. ನಾವು ಹೇಳಿದ ಅಂಕಿಯನ್ನೇ ನಂಬುತ್ತವೆ.

ಗಡಸು ಅಳೆಯಲು ಟೆಸ್ಟ್ ಸ್ಟ್ರಿಪ್ ಸಾಕು. ಕೆಲವು ಮಷಿನ್‌ಗಳ ಜೊತೆಗೇ ಒಂದು ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ನೀರಿನ ಫಿಲ್ಟರ್ ಮಾರುವವರು ತರುವ ಟಿಡಿಎಸ್ ಮೀಟರ್ ಇಲ್ಲಿ ಉಪಯೋಗವಿಲ್ಲ. ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುತ್ತದೆ. ನಮಗೆ ಬೇಕಾದದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ ಮಾತ್ರ.

ಅಡುಗೆಮನೆ ನಲ್ಲಿಯ ನೀರಿನಲ್ಲಿ ಅದ್ದಿದಾಗ ಸ್ಟ್ರಿಪ್ ತೋರಿಸಿದ್ದು ಸುಮಾರು 450 ಪಿಪಿಎಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಒಪ್ಪುವ ಗಡಸು 200, ಬೇರೆ ನೀರಿಲ್ಲದಿದ್ದರೆ 600ರವರೆಗೆ. ಅಂದರೆ ಕುಡಿಯಲು ನಡೆಯುತ್ತದೆ, ಲೋಟಕ್ಕೆ ನಡೆಯುವುದಿಲ್ಲ.

ಮಷಿನ್ನಿನ ಪುಸ್ತಕದಲ್ಲಿ ಹೆಚ್ಚಾಗಿ ಪಿಪಿಎಂ ಬದಲು ಜರ್ಮನ್ ಡಿಗ್ರಿ ಇರುತ್ತದೆ. ಪಿಪಿಎಂ ಅನ್ನು 17.8ರಿಂದ ಭಾಗಿಸಿದರೆ ಅದು ಸಿಗುತ್ತದೆ. 450 ಅಂದರೆ ಸುಮಾರು 25 ಡಿಗ್ರಿ. ಅತ್ತಿಗೆಯ ಮಷಿನ್ನಿನಲ್ಲಿ H00ರಿಂದ H07ರವರೆಗೆ ಹಂತಗಳಿದ್ದವು. 22ರಿಂದ 30 ಡಿಗ್ರಿಗೆ H06 ಇಡಬೇಕು. ಇದ್ದದ್ದು H04, ಅಂದರೆ 13ರಿಂದ 16 ಡಿಗ್ರಿಯ ನೀರಿಗೆ. ಬಂದ ದಿನದಿಂದ ಯಾರೂ ಮುಟ್ಟಿರಲಿಲ್ಲ. ನಿಮ್ಮ ಮಷಿನ್ನಿನ ಹಂತಗಳು ಬೇರೆ ಇರಬಹುದು, ಪುಸ್ತಕದ ಪಟ್ಟಿ ನೋಡಿಯೇ ಇಡಿ.

ಉಪ್ಪು ಮಾಡುವ ಕೆಲಸ

"ಉಪ್ಪು ಹಾಕ್ತಾನೇ ಇದೀನಲ್ಲ?" ಅಂದರು ಅತ್ತಿಗೆ. ಹೌದು, ಆದರೆ ಉಪ್ಪು ಪಾತ್ರೆಯನ್ನು ತೊಳೆಯುವುದಿಲ್ಲ. ಮಷಿನ್ನಿನೊಳಗೆ ಸಣ್ಣ ರೆಸಿನ್ ಮಣಿಗಳಿರುತ್ತವೆ. ನೀರು ಅವುಗಳ ಮೂಲಕ ಹಾಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಣಿಗೆ ಅಂಟಿಕೊಂಡು, ಬದಲಿಗೆ ಸೋಡಿಯಂ ಬಿಡುಗಡೆಯಾಗುತ್ತದೆ. ಮಣಿಗಳು ತುಂಬಿಹೋದಾಗ ಉಪ್ಪುನೀರು ಅವನ್ನು ತೊಳೆದು ಮತ್ತೆ ಕೆಲಸಕ್ಕೆ ಸಿದ್ಧಮಾಡುತ್ತದೆ. ಎಷ್ಟು ಸಲಕ್ಕೊಮ್ಮೆ ತೊಳೆಯಬೇಕು ಅನ್ನುವುದನ್ನು ಹೇಳುವುದೇ ಆ H ಅಂಕಿ. ಅಂಕಿ ಕಡಿಮೆಯಿದ್ದರೆ ಡಬ್ಬಿ ತುಂಬ ಉಪ್ಪಿದ್ದರೂ ಮಣಿಗಳು ಮಧ್ಯದಲ್ಲೇ ಸೋತಿರುತ್ತವೆ.

ಡಿಶ್‌ವಾಷರ್ ಸಾಲ್ಟ್ ಅಂತಲೇ ಮಾರುವ ದಪ್ಪ ಹರಳಿನದನ್ನೇ ಹಾಕಿ. ಅಡುಗೆಯ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಂತೆ ಸೇರಿಸಿದ ವಸ್ತುಗಳಿರುತ್ತವೆ, ದಾರಿ ಕಟ್ಟಿಕೊಳ್ಳುತ್ತದೆ. ಮೊದಲ ಸಲ ಮಾತ್ರ ಡಬ್ಬಿಗೆ ನೀರು ತುಂಬಿ, ಆಮೇಲೆ ಉಪ್ಪು. ಅಪ್ಪಿತಪ್ಪಿಯೂ ಅಲ್ಲಿಗೆ ಡಿಟರ್ಜೆಂಟ್ ಸುರಿಯಬೇಡಿ, ಮಣಿಗಳು ಕೆಡುತ್ತವೆ. ಉಪ್ಪು ತುಂಬಿದ ತಕ್ಷಣ ಒಂದು ವಾಶ್ ಓಡಿಸಿ. ಚೆಲ್ಲಿದ ಉಪ್ಪುನೀರು ರಾತ್ರಿಯಿಡೀ ನಿಂತರೆ ಸ್ಟೀಲ್‌ಗೂ ತುಕ್ಕಿನ ಚುಕ್ಕೆ ಬರುತ್ತದೆ.

ಇನ್ನೊಂದು ಮೋಸ ಗಮನಿಸಿ. H00 ಇಟ್ಟರೆ ಹಲವು ಮಷಿನ್‌ಗಳಲ್ಲಿ ಸಾಲ್ಟ್ ದೀಪವೇ ಹತ್ತುವುದಿಲ್ಲ. ದೀಪ ಹತ್ತಿಲ್ಲ, ಎಲ್ಲ ಸರಿಯಿದೆ ಅಂತ ಸುಮ್ನೆ ಇರುತ್ತೇವೆ.

ಎಲ್ಲ ಸೇರಿರುವ ಟ್ಯಾಬ್ಲೆಟ್ ಹಾಕಿದರೆ ಉಪ್ಪು ಬೇಡ ಅಂತ ಅಂಗಡಿಯವರು ಹೇಳುತ್ತಾರೆ. ಆ ಮಾತು ಸಾಮಾನ್ಯವಾಗಿ 21 ಡಿಗ್ರಿಯವರೆಗಿನ ನೀರಿಗೆ. ಟ್ಯಾಂಕರ್ ನೀರಿಗೆ ನಂಬಬೇಡಿ.

ಕೊನೆಗೆ ರಿನ್ಸ್ ಏಡ್

ರಿನ್ಸ್ ಏಡ್ ಕೊನೆಯ ಜಾಲಾಟದಲ್ಲಿ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಜಾರಿಹೋಗುವ ಹಾಗೆ ಮಾಡುತ್ತದೆ. ಹನಿ ನಿಲ್ಲದಿದ್ದರೆ ಉಂಗುರವೂ ಇಲ್ಲ. ಆದರೆ ಇದು ನೀರನ್ನು ಮೆದು ಮಾಡುವುದಿಲ್ಲ. ಅದಕ್ಕೇ H ಅಂಕಿ ಸರಿಮಾಡಿ, ನಾಲ್ಕೈದು ವಾಶ್ ಆದ ಮೇಲೆಯೇ ಇದಕ್ಕೆ ಕೈಹಾಕಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಹನಿಯ ಗುರುತು ಇನ್ನೂ ಇದ್ದರೆ ಒಂದು ಹಂತ ಮೇಲೆ. ಉದ್ದುದ್ದ ಗೆರೆ, ನೀಲಿ ಛಾಯೆ, ಅಂಟು ಅಂಟು ಅನಿಸಿದರೆ ಒಂದು ಹಂತ ಕೆಳಗೆ. ಅತ್ತಿಗೆ ಅದನ್ನು ಆಗಲೇ ತುದಿಯವರೆಗೆ ಏರಿಸಿಟ್ಟಿದ್ದರು. ಎರಡು ಹಂತ ಇಳಿಸಿದೆವು.

ಹಳೆಯ ಸುಣ್ಣ ತಾನಾಗಿ ಹೋಗುವುದಿಲ್ಲ. ಬಕೆಟ್‌ನಲ್ಲಿ ಬೆಚ್ಚಗಿನ ನೀರಿಗೆ ವಿನಿಗರ್ ಸುರಿದು ಲೋಟ, ತಟ್ಟೆಗಳನ್ನು ಅರ್ಧ ಗಂಟೆ ನೆನೆಸಿ ತೊಳೆದೆವು. ವಾರದ ನಂತರ ತಟ್ಟೆಯ ತರಿ ಇರಲಿಲ್ಲ, ಗಾಜು ತಿಳಿಯಾಗಿತ್ತು. ಉಪ್ಪು ಮಾತ್ರ ಮೊದಲಿಗಿಂತ ಬೇಗ ಖಾಲಿಯಾಗುತ್ತಿದೆ, ಅದು ಆಗಲೇಬೇಕು.

H07 ಅನ್ನುವುದು ಸುಮಾರು 50 ಡಿಗ್ರಿ, ಅಂದರೆ 890 ಪಿಪಿಎಂವರೆಗೆ. ನಿಮ್ಮ ಬೋರ್‌ವೆಲ್ ಅದನ್ನೂ ಮೀರಿದ್ದರೆ ಮಷಿನ್ನಿಗೆ ನೀರು ಬರುವ ಪೈಪಿಗೇ ಬೇರೆ ಸಾಫ್ಟ್‌ನರ್ ಹಾಕಿಸಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಈಗಾಗಲೇ ಸಾಫ್ಟ್‌ನರ್ ಇದ್ದರೂ ಸ್ಟ್ರಿಪ್ ಅದ್ದಿ ನೋಡಿ. ಅದಕ್ಕೂ ಉಪ್ಪು ಹಾಕುವವರು ಮರೆಯುತ್ತಾರೆ.

ಮಳೆ ಬಂದು ಕಾವೇರಿ ನೀರು ಶುರುವಾದ ಮೇಲೆ ಅತ್ತಿಗೆ ಮತ್ತೆ ಅಳೆದು H ಅಂಕಿ ಇಳಿಸಿದರು. ಉಳಿದ ಸ್ಟ್ರಿಪ್‌ಗಳು ಈಗ ಮಸಾಲೆ ಡಬ್ಬಿಯ ಪಕ್ಕದಲ್ಲೇ ಇವೆ.