ಶನಿವಾರ ಏಳೂವರೆಯ ಮೆಸೇಜು

ನಾಲ್ಕನೇ ತರಗತಿಯ ಪಾಲಕರಿಗೆಂದು ನಾನು ಮಾಡಿದ ವಾಟ್ಸಾಪ್ ಗ್ರೂಪು ಜೂನ್, ಜುಲೈ ತಿಂಗಳಲ್ಲಿ ಚೆನ್ನಾಗಿಯೇ ನಡೆದಿತ್ತು. ಆಗಸ್ಟ್ ಬಂತು ನೋಡಿ, ಗ್ರೂಪು ಮಲಗಿಬಿಟ್ಟಿತು. ಏನು ಕಳಿಸಿದರೂ ಉತ್ತರ ಇಲ್ಲ. "ಸೋಮವಾರ ಚೌಕುಳಿ ನೋಟ್‌ಬುಕ್ ತರಬೇಕು" ಎಂದು ಬರೆದರೆ ಮೂವತ್ತೊಂದು ಮಕ್ಕಳಲ್ಲಿ ತಂದವರು ಒಂಬತ್ತು ಜನ. ಮೊದಲಿಗೆ ನನಗೆ ಸಿಟ್ಟೇ ಬಂತು. ಮಕ್ಕಳ ಬಗ್ಗೆ ಇವರಿಗೆ ಕಾಳಜಿಯೇ ಇಲ್ವಾ ಅಂದುಕೊಂಡೆ.

ಆಮೇಲೆ ಒಂದು ಮಧ್ಯಾಹ್ನ ಸುಮ್ನೆ ಕೂತು ಆ ಮೆಸೇಜನ್ನು ಒತ್ತಿ ಹಿಡಿದು Info ತೆರೆದೆ. ಗ್ರೂಪಿನಲ್ಲಿ ನಾವು ಕಳಿಸಿದ ಪ್ರತಿ ಮೆಸೇಜಿಗೂ ಅಲ್ಲಿ Read by, Delivered to ಎಂದು ಎರಡು ಪಟ್ಟಿ ಸಿಗುತ್ತವೆ. ನೀಲಿ ಗೆರೆ ಬರದಂತೆ ಸೆಟ್ಟಿಂಗ್ ಮಾಡಿಕೊಂಡವರ ಹೆಸರೂ ಗ್ರೂಪಿನ ಮೆಸೇಜಿನಲ್ಲಿ ಕಾಣುತ್ತದೆ. ಹದಿಮೂರು ಜನರಿಗೆ ನನ್ನ ಮೆಸೇಜು ತಲುಪಿಯೇ ಇರಲಿಲ್ಲ. ಹೆಸರು ನೋಡಿದೆ. ಎಲ್ಲರೂ ಅಪ್ಪಂದಿರು, ಎಲ್ಲರೂ ಬೋಟಿಗೆ ಹೋಗುವವರು.

ಕಾರವಾರದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಅಪ್ಪ ಮನೆಯಲ್ಲಿರುತ್ತಾನೆ, ಅವನ ಫೋನೂ ಮನೆಯಲ್ಲಿರುತ್ತದೆ. ಆಗಸ್ಟಿನಲ್ಲಿ ಬೋಟು ಇಳಿದರೆ ಫೋನೂ ಕಡಲಿಗೆ ಹೋಗುತ್ತದೆ. ನಾನು ದಾಖಲಾತಿ ರಿಜಿಸ್ಟರಿನಲ್ಲಿದ್ದ ನಂಬರುಗಳನ್ನೇ ಗ್ರೂಪಿಗೆ ಸೇರಿಸಿದ್ದೆ. ರಿಜಿಸ್ಟರಿನಲ್ಲಿ ಇರುವುದು ಅಪ್ಪನ ನಂಬರು. ಇನ್ನು ನಾಲ್ಕು ಅಪ್ಪಂದಿರು ಗೋವಾದಲ್ಲಿ ಕೆಲಸದಲ್ಲಿದ್ದರು. ಅವರು ಮೆಸೇಜು ಓದುತ್ತಿದ್ದರು, ಹೆಬ್ಬೆರಳೂ ಒತ್ತುತ್ತಿದ್ದರು. ಆದರೆ ಮಡಗಾಂವದಲ್ಲಿ ಕೂತವ ಮಗಳ ಚೀಲಕ್ಕೆ ನೋಟ್‌ಬುಕ್ ಹಾಕುವುದು ಹೇಗೆ?

ಹಾಗಾಗಿ ಮೊದಲ ಕೆಲಸ ಮೆಸೇಜು ತಿದ್ದುವುದಾಗಿರಲಿಲ್ಲ, ನಂಬರು ತಿದ್ದುವುದಾಗಿತ್ತು. ಒಂದು ವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಅಮ್ಮಂದಿರ, ಅಜ್ಜಿಯರ, ಒಂದಿಬ್ಬರು ಕಾಲೇಜಿಗೆ ಹೋಗುವ ಅಕ್ಕಂದಿರ ನಂಬರು ಬರೆದುಕೊಂಡೆ. ಅಪ್ಪಂದಿರನ್ನು ತೆಗೆಯಲಿಲ್ಲ, ಜೊತೆಗೆ ಇವರನ್ನು ಸೇರಿಸಿದೆ. ಐದು ಮನೆಗಳಲ್ಲಿ ವಾಟ್ಸಾಪ್ ಇರುವ ಫೋನೇ ಇಲ್ಲ. ಅವರಿಗೆ ಅದೇ ಮೆಸೇಜನ್ನು ಅರ್ಧ ಹಾಳೆಯಲ್ಲಿ ಬರೆದು ಶನಿವಾರ ಮಕ್ಕಳ ಕೈಯಲ್ಲೇ ಕೊಡುತ್ತೇನೆ. ಐದು ಚೀಟಿ ಬರೆಯಲು ಹತ್ತು ನಿಮಿಷ. ಮೆಸೇಜು ಗಿಡ್ಡವಾಗಿರಲಿ ಎಂಬ ಬುದ್ಧಿ ನನಗೆ ಬಂದದ್ದೇ ಈ ಚೀಟಿ ಬರೆದು ಕೈ ನೋಯಿಸಿಕೊಂಡ ಮೇಲೆ.

ಮೊದಲು ನಾನು ಬರೆಯುತ್ತಿದ್ದುದು ಹೀಗಿತ್ತು: "ಎಲ್ಲ ಪಾಲಕರಿಗೆ ನಮಸ್ಕಾರಗಳು. ಈ ವಾರ ತರಗತಿಯಲ್ಲಿ ಗಣಿತದಲ್ಲಿ ಭಿನ್ನರಾಶಿಯ ಪರಿಕಲ್ಪನೆಯನ್ನು ಚಟುವಟಿಕೆಗಳ ಮೂಲಕ ಪರಿಚಯಿಸಲಾಯಿತು..." ಇನ್ಸ್‌ಪೆಕ್ಟರ್ ಬಂದಾಗ ತೋರಿಸುವ ಪಾಠಟಿಪ್ಪಣಿಯ ಭಾಷೆ. ಉದ್ದ ಜಾಸ್ತಿಯಾದರೆ ವಾಟ್ಸಾಪ್ ಉಳಿದದ್ದನ್ನು ಮಡಚಿ Read more ಎಂದು ತೋರಿಸುತ್ತದೆ. ನಾನು "ಸೋಮವಾರ ತರಬೇಕಾದದ್ದು" ಎಂಬ ಸಾಲನ್ನು ಕಟ್ಟಕಡೆಗೆ ಬರೆಯುತ್ತಿದ್ದೆ, ಅದು ಆ ಮಡಿಕೆಯ ಒಳಗೇ ಉಳಿದುಬಿಡುತ್ತಿತ್ತು.

ಈಗ ಕ್ರಮ ತಿರುಗಿಸಿದ್ದೇನೆ. ಚೌತಿ ವಾರದ ಮೊದಲು ಕಳಿಸಿದ ಮೆಸೇಜು ಇದು:

*ನಾಲ್ಕನೇ ತರಗತಿ, ಶನಿವಾರ, ಆಗಸ್ಟ್ 23*

*ಸೋಮವಾರ ತರಬೇಕು:* ಚೌಕುಳಿ ನೋಟ್‌ಬುಕ್ 1, ಹಳೆಯ ಲಗ್ನಪತ್ರಿಕೆ 1 (ಕತ್ತರಿಸಲು, ಹೊಸದು ಬೇಡ)
*ಬುಧವಾರ:* ಚೌತಿ ರಜೆ

ಈ ವಾರ ಅರ್ಧ, ಕಾಲು, ಮುಕ್ಕಾಲು ಕಲಿತರು.
ಮನೆಯಲ್ಲಿ ಕೇಳಿ: ಒಂದು ಬಂಗಡೆ ನಾಲ್ಕು ತುಂಡು ಮಾಡಿ ಮೂರು ತುಂಡು ತಿಂದರೆ ಎಷ್ಟು ಪಾಲು ಉಳಿಯಿತು?

ಏನಾದರೂ ಕೇಳುವುದಿದ್ದರೆ ನನಗೆ ಬೇರೆಯಾಗಿ ಮೆಸೇಜು ಮಾಡಿ.

ಇಷ್ಟೇ. ಹಿಂದೆ ಮುಂದೆ ನಕ್ಷತ್ರದ ಗುರುತು ಹಾಕಿದ ಭಾಗ ಫೋನಿನಲ್ಲಿ ದಪ್ಪ ಅಕ್ಷರವಾಗಿ ಕಾಣುತ್ತದೆ. ದಪ್ಪ ಮಾಡುವುದು ವಾರ, ತಾರೀಕು ಮತ್ತು ತರಬೇಕಾದದ್ದನ್ನು ಮಾತ್ರ. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. "ನಾಳೆ", "ನಾಡಿದ್ದು" ಎಂದು ನಾನು ಬರೆಯುವುದಿಲ್ಲ. ಬೋಟಿನಿಂದ ಬಂದು ಮಂಗಳವಾರ ಓದುವ ಅಪ್ಪನಿಗೆ "ನಾಳೆ" ಅಂದರೆ ಬುಧವಾರ.

ಶನಿವಾರ ಏಳೂವರೆಗೇ ಏಕೆ ಅಂದರೆ, ರವಿವಾರ ಕಾರವಾರದ ಸಂತೆ. ನೋಟ್‌ಬುಕ್ ತರುವುದಿದ್ದರೆ ಅಲ್ಲಿಂದಲೇ ತರಬೇಕು. ನಾನು ಮೊದಲು ರವಿವಾರ ರಾತ್ರಿ ಕಳಿಸುತ್ತಿದ್ದೆ, ಸಂತೆ ಮುಗಿದ ಮೇಲೆ. ಮೀನು ಮಾರುವ ಅಮ್ಮಂದಿರು ಬೆಳಿಗ್ಗೆ ಬೇಗ ಏಳುವವರು, ಒಂಬತ್ತಕ್ಕೆಲ್ಲ ಮಲಗಿರುತ್ತಾರೆ. ಏಳೂವರೆಗೆ ಅನ್ನ ಬೇಯುತ್ತಿರುತ್ತದೆ, ಫೋನು ಕೈಯಲ್ಲಿರುತ್ತದೆ.

ಮೆಸೇಜಿನ ಹಿಂದೆಯೇ ನಲವತ್ತು ಸೆಕೆಂಡಿನ ಧ್ವನಿಯಲ್ಲಿ ಅದನ್ನೇ ಕೊಂಕಣಿಯಲ್ಲಿ ಹೇಳುತ್ತೇನೆ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಮಾತು ಕೊಂಕಣಿ, ಮತ್ತೆ ಅಜ್ಜಿಯರಿಗೆ ಓದಲು ಬರುವುದಿಲ್ಲ. ಧ್ವನಿಯನ್ನು ಮಾತ್ರ ಕಳಿಸಿ ನೋಡಿದ್ದೆ, ಅದು ಆಗಲಿಲ್ಲ. ಯಾವ ನೋಟ್‌ಬುಕ್ ಎಂದು ಮತ್ತೆ ನೋಡಬೇಕಾದರೆ ಇಡೀ ಧ್ವನಿ ಕೇಳಬೇಕು. ಎರಡೂ ಬೇಕು.

"ಮನೆಯಲ್ಲಿ ಕೇಳಿ" ಎಂಬ ಸಾಲಿನಿಂದ ನಾನು ದೊಡ್ಡದೇನನ್ನೂ ನಿರೀಕ್ಷಿಸಿರಲಿಲ್ಲ. ಆ ರಾತ್ರಿಯೇ ಒಬ್ಬ ಅಮ್ಮನ ಧ್ವನಿ ಬಂತು: "ಅಕ್ಕೋರೆ, ಬಾಲದ ತುಂಡು ಸಣ್ಣದು, ಹೊಟ್ಟೆ ತುಂಡು ದೊಡ್ಡದು. ಎರಡೂ ಕಾಲು ಹೆಂಗಾಗ್ತದೆ ಅಂತ ಇವಳು ಜಗಳ ಮಾಡ್ತಿದ್ದಾಳೆ." ಹುಡುಗಿ ಹೇಳಿದ್ದೇ ಸರಿ. ಭಿನ್ನರಾಶಿಗೆ ಪಾಲು ಸಮ ಇರಬೇಕು, ಬಂಗಡೆ ಸಮ ಆಗುವುದಿಲ್ಲ. ಸೋಮವಾರ ಲಗ್ನಪತ್ರಿಕೆ ಮಡಚುವ ಮೊದಲು ಅವಳ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದೆ. ಮುಂದಿನ ಶನಿವಾರದ ಪ್ರಶ್ನೆಯನ್ನು ಭಾಕ್ರಿಗೆ ಬದಲಿಸಿದೆ.

ಇನ್ನು ನಿಯಮಗಳ ಕತೆ. ಅವನ್ನು ಮೊದಲೇ ಯೋಚಿಸಿ ಬರೆದದ್ದಲ್ಲ, ಪೆಟ್ಟು ತಿಂದು ಬರೆದದ್ದು. ಮೊದಲ ಪೆಟ್ಟು ನಾನೇ ಕೊಟ್ಟದ್ದು. ಕಿರುಪರೀಕ್ಷೆಯ ಅಂಕಗಳ ಹಾಳೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿಬಿಟ್ಟೆ. ಮೂವತ್ತೊಂದು ಹೆಸರು, ಮೂವತ್ತೊಂದು ಅಂಕ. ಅರ್ಧ ಗಂಟೆಯಲ್ಲಿ ಅಳಿಸಿದೆ. ಆದರೆ ಗ್ರೂಪಿನಿಂದ ಅಳಿಸಿದ ಫೋಟೋ ಎಲ್ಲ ಫೋನುಗಳಿಂದಲೂ ಹೋಗಿರುತ್ತದೆ ಎನ್ನಲಿಕ್ಕಾಗದು. ಮರುದಿನ ಒಬ್ಬ ಹುಡುಗ ಬರಲಿಲ್ಲ. ಸಂಜೆ ಅವನ ಮನೆಗೆ ಹೋದೆ. ಅವನ ಅಮ್ಮ ಜೋರು ಮಾಡಲಿಲ್ಲ. "ಅವನಿಗೆ ಕಡಿಮೆ ಬಿದ್ದದ್ದು ನಮಗೆ ಗೊತ್ತಿತ್ತು ಅಕ್ಕೋರೆ, ಕೇರಿಗೆಲ್ಲ ಗೊತ್ತಾಗಬೇಕಿರಲಿಲ್ಲ" ಅಂದಳು ಅಷ್ಟೇ. ಅದಕ್ಕೇ ನಮ್ಮ ಮೊದಲ ನಿಯಮ ಪಾಲಕರಿಗಲ್ಲ, ನನಗೆ.

ಎರಡನೆಯದು ಮಳೆ ರಜೆ. ಜುಲೈನ ಒಂದು ರಾತ್ರಿ ಹತ್ತು ಗಂಟೆಗೆ ಯಾರೋ ಜಿಲ್ಲಾಧಿಕಾರಿಗಳ ರಜೆ ಆದೇಶದ ಫೋಟೋ ಹಾಕಿದರು. ಸಹಿ, ಮೊಹರು ಎಲ್ಲ ಇತ್ತು. ಮರುದಿನ ಶಾಲೆಗೆ ಬಂದವರು ಹನ್ನೊಂದು ಮಕ್ಕಳು. ಆದೇಶ ಸುಳ್ಳಲ್ಲ, ಹಿಂದಿನ ವರ್ಷದ್ದು. ಮೂಲೆಯಲ್ಲಿ ತಾರೀಕು ಸ್ಪಷ್ಟವಾಗಿತ್ತು, ಯಾರೂ ನೋಡಿರಲಿಲ್ಲ. ಇನ್ನೊಂದು ಸಲ ಬಂದ ಆದೇಶ ಅದೇ ದಿನದ್ದೇ, ಆದರೆ ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ರಜೆಯನ್ನು ತಾಲ್ಲೂಕುವಾರು ಕೊಡುವುದುಂಟು. ಸಿರ್ಸಿ, ಸಿದ್ದಾಪುರದಲ್ಲಿ ಮಳೆ ಹೊಯ್ದರೆ ಕಾರವಾರದಲ್ಲಿ ಬಿಸಿಲಿರಬಹುದು. ಹಾಗಾಗಿ ಈಗ ನೋಡುವುದು ಎರಡೇ: ತಾರೀಕು ಯಾವುದು, ತಾಲ್ಲೂಕಿನ ಹೆಸರು ಇದೆಯಾ. ಆಮೇಲೆ ಹೆಡ್ಮಾಸ್ತರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೇ ಗ್ರೂಪಿಗೆ ಹಾಕುತ್ತೇನೆ.

ಮೂರನೆಯದಕ್ಕೆ ಯಾರ ತಪ್ಪೂ ಇಲ್ಲ. ನಾನು ಮೆಸೇಜು ಹಾಕಿದ ಕೂಡಲೇ "ಸರಿ ಅಕ್ಕೋರೆ", "ಆಯ್ತು ಟೀಚರ್", ಕೈ ಮುಗಿದ ಚಿತ್ರ, ಹೂವಿನ ಚಿತ್ರ. ಎಲ್ಲ ಮರ್ಯಾದೆಗೆ ಮಾಡಿದ್ದೇ. ಆದರೆ ಇಪ್ಪತ್ತೈದು "ಸರಿ"ಗಳ ಅಡಿಯಲ್ಲಿ ಮೆಸೇಜು ಹೂತುಹೋಗಿ, ತಡವಾಗಿ ನೋಡಿದವರಿಗೆ "ಸರಿ" ಮಾತ್ರ ಕಾಣುತ್ತಿತ್ತು. ಅಡ್ಮಿನ್ ಮಾತ್ರ ಬರೆಯುವಂತೆ ಗ್ರೂಪಿಗೆ ಬೀಗ ಹಾಕಿ ಎಂದು ಜೊತೆಯ ಟೀಚರು ಹೇಳಿದರು. ಒಂದು ವಾರ ಹಾಕಿ ನೋಡಿದೆ. ಗಲಾಟೆ ನಿಂತಿತು, ಆದರೆ "ರಿಕ್ಷಾ ಇವತ್ತು ತಡ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ನಿಂತಿತು. ಬೀಗ ತೆಗೆದೆ. ಶನಿವಾರದ ಮೆಸೇಜನ್ನು ಏಳು ದಿನಕ್ಕೆ Pin ಮಾಡುತ್ತೇನೆ, ಅದು ವಾರವಿಡೀ ಮೇಲೆಯೇ ನಿಲ್ಲುತ್ತದೆ.

ಕಡೆಗೆ ಪಾಲಕರ ಸಭೆಯಲ್ಲಿ ಓದಿ, ಒಪ್ಪಿಸಿ, ಗ್ರೂಪಿನ ವಿವರಣೆಯ ಜಾಗದಲ್ಲಿ ಹಾಕಿದ ಸಾಲುಗಳು ಇವು:

ಯಾವ ಮಗುವಿನ ಅಂಕ, ತಪ್ಪು, ಜಗಳ, ಕಾಯಿಲೆಯ ಮಾತು ಇಲ್ಲಿ ಬೇಡ, ಟೀಚರಿಂದಲೂ ಬೇಡ.
ರಜೆಯ ಸುದ್ದಿ ಟೀಚರ್ ಹಾಕಿದರೆ ಮಾತ್ರ ನಂಬಿ.
ಓದಿದ್ದೀರಿ ಎಂದು ತಿಳಿಸಲು ಮೆಸೇಜನ್ನೇ ಒತ್ತಿ ಹಿಡಿದು ಹೆಬ್ಬೆರಳು ಕೊಡಿ, "ಸರಿ" ಬರೆಯಬೇಡಿ.
ಬೇರೆ ಮಕ್ಕಳ ಫೋಟೋ ಹೊರಗೆ ಕಳಿಸಬೇಡಿ, ಸ್ಟೇಟಸ್ ಹಾಕಬೇಡಿ.
ರಾತ್ರಿ ಒಂಬತ್ತರ ನಂತರ ಬರೆಯಬೇಡಿ. ಅವಸರವಿದ್ದರೆ ಫೋನ್ ಮಾಡಿ.

ಶುಭೋದಯ, ರಾಜಕೀಯ, ದೇವರ ಫೋಟೋ ಬೇಡ ಎಂದೂ ಬರೆದಿದ್ದೆ. ಸಭೆಯಲ್ಲಿ ಒಬ್ಬ ಅಜ್ಜ ಎದ್ದು "ದೇವರು ಏನು ಮಾಡಿದ ಅಕ್ಕೋರೆ?" ಅಂದರು. ಎಲ್ಲರೂ ನಕ್ಕರು. ಆ ಸಾಲನ್ನು "ಶಾಲೆಗೆ ಸಂಬಂಧಿಸಿದ್ದು ಮಾತ್ರ" ಎಂದು ತಿದ್ದಿದೆ. ಅಜ್ಜ ಈಗಲೂ ಗುರುವಾರ ಒಂದು ಗಣಪತಿ ಕಳಿಸುತ್ತಾರೆ. ನಾನು ಏನೂ ಹೇಳುವುದಿಲ್ಲ. ಉಳಿದವರು ಮುರಿದರೆ ಗ್ರೂಪಿನಲ್ಲಿ ಬೈಯದೆ ಅವರಿಗೆ ಮಾತ್ರ ಫೋನ್ ಮಾಡುತ್ತೇನೆ.

ಎಲ್ಲ ಸರಿಹೋಯಿತು ಎಂದಲ್ಲ. ರವಿವಾರ ಬೆಳಿಗ್ಗೆ Info ನೋಡಿದರೆ ನಾಲ್ಕೈದು ಮನೆ ಓದಿರುವುದಿಲ್ಲ. ಡೇಟಾ ಪ್ಯಾಕ್ ಮುಗಿದಿರುತ್ತದೆ, ಇಲ್ಲವೇ ಅಣ್ಣ ಫೋನಿನಲ್ಲಿ ಆಟ ಆಡುತ್ತಿರುತ್ತಾನೆ. ಅವರಿಗೆ ಸಾದಾ ಫೋನ್ ಮಾಡಿ ಒಂದು ಸಾಲು ಹೇಳಿಬಿಡುತ್ತೇನೆ.

ಈ ಜೂನ್‌ನಲ್ಲಿ ಹೊಸ ತರಗತಿ ಬಂದಾಗ ರಿಜಿಸ್ಟರಿನ ನಂಬರು ಮುಟ್ಟಲೇ ಇಲ್ಲ. ಮೊದಲ ದಿನವೇ ಒಂದು ಹಾಳೆ ಕೊಟ್ಟು ಒಂದೇ ಪ್ರಶ್ನೆ ಕೇಳಿದೆ: "ಬೋಟು ಕಡಲಿಗೆ ಹೋದ ಮೇಲೆ ರಾತ್ರಿ ಏಳೂವರೆಗೆ ಮನೆಯಲ್ಲಿರುವ ಫೋನು ಯಾರದು?" ಒಂದು ಹಾಳೆಯಲ್ಲಿ ಅಮ್ಮನ ನಂಬರು ಬರೆದು ಹೊಡೆದುಹಾಕಿತ್ತು. ಕೆಳಗೆ ಮಗುವಿನ ಅಕ್ಷರದಲ್ಲಿ ಇನ್ನೊಂದು ನಂಬರು, ಪಕ್ಕದಲ್ಲಿ "ಇದು ಪಕ್ಕದ ಮನೆ ಅಕ್ಕನದು, ಅವಳು ನಮಗೆ ಓದಿ ಹೇಳುತ್ತಾಳೆ."